ಶಾಲಾ ಸಿದ್ಧಿ: 46 ಮಾನಕಕ್ಕೂ ಪುರಾವೆ ಎಲ್ಲಿಂದ ತರೋದು?

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕಿ. ಶಾಲೆಯ ಗುಣಮಟ್ಟವನ್ನು 46 ಮಾನಕಗಳಲ್ಲಿ ಅಳೆಯುವ ಶಾಲಾ ಸಿದ್ಧಿಯ ಸ್ವ-ಮೌಲ್ಯಮಾಪನ ತುಂಬುತ್ತಿದ್ದೇವೆ. ಮುಂದಿನ ತಿಂಗಳು ಬಾಹ್ಯ ಮೌಲ್ಯಮಾಪಕರು ಬರುತ್ತಾರಂತೆ. ಪ್ರತಿ ಮಾನಕಕ್ಕೂ ಪುರಾವೆ ಇರಬೇಕು ಅಂದಿದ್ದಾರೆ. 46 ಫೈಲ್ ಮಾಡಿಡಬೇಕಾ? ಆದಷ್ಟು ಕಡೆ ಎಲ್ಲಕ್ಕಿಂತ ಮೇಲಿನ 3ನೇ ಹಂತ ಹಾಕಿದರೆ ಒಳ್ಳೆಯದು ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಏನು ಮಾಡಲಿ?

ಉತ್ತರ: 46 ಫೈಲ್ ಬೇಡ ಮೇಡಂ. ಪುರಾವೆಗೆ ಅಂತ ಹೊಸದಾಗಿ ಒಂದು ಕಾಗದವನ್ನೂ ಸೃಷ್ಟಿಸಬೇಡಿ. ಬೇಕಾದ್ದು ಬಹುಪಾಲು ನಿಮ್ಮ ಬೀರುವಿನಲ್ಲೇ ಇದೆ. ಹಾಜರಿ ವಹಿ, ಬಿಸಿಯೂಟದ ವಹಿ, ಗ್ರಂಥಾಲಯದ ವಿತರಣಾ ವಹಿ, ಎಸ್‌ಡಿಎಂಸಿ ನಡಾವಳಿ ಪುಸ್ತಕ, ಪಾಠ ಯೋಜನೆ, ಮಕ್ಕಳ ಕೃತಿ ಸಂಪುಟ ಇವೇ ಸಾಕಷ್ಟಾಗುತ್ತವೆ. ಒಂದು ದೊಡ್ಡ ನೋಟ್‌ಬುಕ್ ತೆಗೆದುಕೊಂಡು ಪ್ರತಿ ಮಾನಕಕ್ಕೂ ಒಂದು ಸಾಲು ಬಿಡಿ. ಹಾಕಿದ ಹಂತ, ಅದಕ್ಕೆ ಯಾವ ವಹಿ, ಯಾವ ತಿಂಗಳು, ಯಾವ ಪುಟ, ಅದು ಯಾರ ಬಳಿ ಇದೆ ಅಂತ ಬರೆಯಿರಿ. ಬಂದವರು ಕೇಳಿದಾಗ ಎರಡು ನಿಮಿಷದಲ್ಲಿ ಆ ಪುಟ ತೆರೆದು ತೋರಿಸುವಂತಿದ್ದರೆ ಸಾಕು.

ಹಂತದ ವಿಷಯದಲ್ಲಿ ಹೆಚ್ಚಿನ ಶಾಲೆಗಳು ಒಂದೇ ಕಡೆ ಎಡವುತ್ತವೆ. ಮೊದಲು ಹಂತ ತೀರ್ಮಾನಿಸಿ, ಆಮೇಲೆ ಅದಕ್ಕೆ ತಕ್ಕ ಪುರಾವೆ ಹುಡುಕುತ್ತಾರೆ. ಇದನ್ನು ತಿರುಗಿಸಿ ಮಾಡಿ. ಮೊದಲು ವಹಿ ಬಿಚ್ಚಿ ಓದಿ, ಪಕ್ಕದಲ್ಲಿ ಚೌಕಟ್ಟಿನಲ್ಲಿರುವ ಮೂರೂ ಹಂತಗಳ ವಿವರಣೆ ಇಟ್ಟುಕೊಳ್ಳಿ, ಯಾವುದು ಹೊಂದುತ್ತದೋ ಅದನ್ನು ಹಾಕಿ.

ಮಕ್ಕಳ ಹಾಜರಾತಿಯನ್ನೇ ನೋಡೋಣ. ಇದು ಚೌಕಟ್ಟಿನ ಏಳು ಕ್ಷೇತ್ರಗಳಲ್ಲಿ ಮೂರನೆಯದರ ಮೊದಲ ಮಾನಕ. ನಿಮ್ಮ 7ನೇ ತರಗತಿಯಲ್ಲಿ 32 ಮಕ್ಕಳು, ಜುಲೈನಲ್ಲಿ 25 ದಿನ ಶಾಲೆ ನಡೆಯಿತು ಅಂದುಕೊಳ್ಳಿ. ಎಲ್ಲರೂ ಎಲ್ಲಾ ದಿನ ಬಂದಿದ್ದರೆ 800 ಹಾಜರಿ ಆಗಬೇಕಿತ್ತು, ಆಗಿದ್ದು 704. ಅಂದರೆ ಶೇ 88. ವರದಿಯಲ್ಲಿ ‘ಸರಾಸರಿ ಹಾಜರಾತಿ ಶೇ 88, ತೃಪ್ತಿಕರ’ ಅಂತ ಬರೆದು ಮುಗಿಸುವುದು ಸುಲಭ.

ಆದರೆ ಅದೇ ಪುಟವನ್ನು ಹೆಸರಿನ ಸಾಲಿನಲ್ಲಿ ಓದಿ. ಐದು ಮಕ್ಕಳು ಸೇರಿ ಬಂದಿದ್ದು ಬರೀ 65 ದಿನ, ಅಂದರೆ ತಲಾ 13 ದಿನ. ಉಳಿದ 27 ಮಕ್ಕಳ ಹಾಜರಾತಿ ಶೇ 95ರ ಹತ್ತಿರ ಇದೆ. ಹಾಗಾದರೆ ನಿಮ್ಮ ತರಗತಿಯ ನಿಜವಾದ ಸಮಸ್ಯೆ ಶೇ 88 ಅಲ್ಲ, ಆ ಐದು ಮಕ್ಕಳು. ಮೌಲ್ಯಮಾಪಕರು ಕೇಳುವುದೂ ಅದನ್ನೇ: ‘ಈ ಐವರ ಬಗ್ಗೆ ಏನು ಮಾಡಿದಿರಿ?’ ಮನೆ ಭೇಟಿ ಮಾಡಿದ್ದರೆ ಅದರ ದಿನಾಂಕ, ಪಾಲಕರನ್ನು ಕರೆಸಿದ್ದರೆ ಅವರ ಸಹಿ, ಆಗಸ್ಟ್‌ನಲ್ಲಿ ಆ ಐವರ ಹಾಜರಿ ಎಷ್ಟಾಯಿತು ಎಂಬ ಲೆಕ್ಕ, ಇವು ಪುರಾವೆ. ಇವಿದ್ದರೆ ಮೇಲಿನ ಹಂತ ಕೇಳಬಹುದು. ಬರೀ ಸರಾಸರಿ ಇದ್ದರೆ ಕೇಳುವ ಹಾಗಿಲ್ಲ.

ಆಗ ವರದಿಯ ಸಾಲು ಹೀಗಿರಲಿ: ‘7ನೇ ತರಗತಿ ಜುಲೈ ಸರಾಸರಿ ಶೇ 88. 5 ಮಕ್ಕಳು ಶೇ 75ಕ್ಕಿಂತ ಕಡಿಮೆ. ಐವರ ಮನೆಗೂ ಭೇಟಿ ಆಗಿದೆ. ಆಗಸ್ಟ್‌ನಲ್ಲಿ 3 ಮಕ್ಕಳು ಸುಧಾರಿಸಿದ್ದಾರೆ, 2 ಮಕ್ಕಳ ಪಾಲಕರು ಕೂಲಿಗೆ ವಲಸೆ ಹೋಗಿದ್ದಾರೆ. ಹಾಜರಿ ವಹಿ ಜುಲೈ–ಆಗಸ್ಟ್, ಮನೆ ಭೇಟಿ ಪುಸ್ತಕ ಪುಟ 14ರಿಂದ 16.’ ಮಕ್ಕಳ ಹೆಸರು ವರದಿಯಲ್ಲಿ ಬೇಡ. ಸಂಖ್ಯೆ ಸಾಕು, ಹೆಸರು ವಹಿಯಲ್ಲಿ ಇದ್ದೇ ಇದೆ.

ಇನ್ನೊಂದು ಮಾತು. ಅನುಭವಿ ಮೌಲ್ಯಮಾಪಕರು ಒಂದೇ ವಹಿ ನೋಡಿ ಸುಮ್ನಾಗುವುದಿಲ್ಲ. ಹಾಜರಿ ವಹಿಯ ಪಕ್ಕ ಅದೇ ದಿನದ ಬಿಸಿಯೂಟದ ಲೆಕ್ಕ ಇಡುತ್ತಾರೆ. ಹಾಜರಿ 28, ಊಟ ಮಾಡಿದವರು 21 ಅಂತಿದ್ದರೆ ಪ್ರಶ್ನೆ ಬರುತ್ತದೆ. ಕೆಲವರು ಮನೆಯಿಂದ ಬುತ್ತಿ ತರಬಹುದು, ಕೆಲವರು ಊಟಕ್ಕೆ ಮನೆಗೇ ಹೋಗಬಹುದು. ಅದು ತಪ್ಪಲ್ಲ, ಆದರೆ ಉತ್ತರ ನಿಮಗೆ ಮೊದಲೇ ಗೊತ್ತಿರಬೇಕು. ಹಾಗೆಯೇ ಶಾಲೆಗಳ ಅಂಕಿಅಂಶ ಸಂಗ್ರಹವಾದ ಯುಡೈಸ್‌ನಲ್ಲಿ ಕೊಟ್ಟ ಕೊಠಡಿ, ಶೌಚಾಲಯದ ಸಂಖ್ಯೆಯೂ ನಿಮ್ಮ ವರದಿಯ ಸಂಖ್ಯೆಯೂ ಒಂದೇ ಇದೆಯಾ ನೋಡಿ. ಬಂದವರು ಬರುವ ಮುಂಚೆ ನೀವೇ ಒಂದು ವಾರದ ಲೆಕ್ಕ ಹೀಗೆ ಜೋಡಿಸಿ ನೋಡಿದರೆ ಅರ್ಧ ಆತಂಕ ಇಳಿಯುತ್ತದೆ.

ಮೊದಲ ಕ್ಷೇತ್ರದಲ್ಲಿ ಬೇರೆ ಥರದ ಎಚ್ಚರಿಕೆ ಬೇಕು. ಅಲ್ಲಿನ 12 ಮಾನಕಗಳಿಗೆ ಎರಡೆರಡು ಸಲ ಹಂತ ಹಾಕಬೇಕು: ಸೌಲಭ್ಯ ಸಾಕಷ್ಟು ಇದೆಯಾ ಅನ್ನುವುದಕ್ಕೆ ಒಂದು, ಅದು ಚೆನ್ನಾಗಿದ್ದು ಬಳಕೆಯಾಗುತ್ತಿದೆಯಾ ಅನ್ನುವುದಕ್ಕೆ ಇನ್ನೊಂದು. ಗ್ರಂಥಾಲಯಕ್ಕೆ ದಾಸ್ತಾನು ವಹಿ ತೋರಿಸಿ ಎರಡಕ್ಕೂ 3 ಹಾಕಿದವರನ್ನು ಬಹಳ ಕಂಡಿದ್ದೇನೆ. ದಾಸ್ತಾನು ವಹಿ ಪುಸ್ತಕ ಇದೆ ಅಂತ ಮಾತ್ರ ಹೇಳುತ್ತದೆ. ಓದುತ್ತಾರೆ ಅಂತ ಹೇಳುವುದು ವಿತರಣಾ ವಹಿ. ಅದರಲ್ಲಿ ಮೂರು ತಿಂಗಳ ನಮೂದು ಎಣಿಸಿ, ತರಗತಿವಾರು ಬಿಡಿಸಿ. 6, 7ನೇ ತರಗತಿಯ ಮಕ್ಕಳೇ ತುಂಬಿದ್ದು, 4, 5ರಿಂದ ಬೆರಳೆಣಿಕೆಯಷ್ಟೇ ಇದ್ದರೆ, ಇರುವಿಕೆಗೆ 3 ಕೊಟ್ಟರೂ ಬಳಕೆಗೆ 2 ಹಾಕಿ. ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ 4ನೇ ತರಗತಿಯ ಮಗುವನ್ನು ಒಮ್ಮೆ ಕೇಳಿ ನೋಡಿ. ಬಂದವರೂ ಕೇಳುತ್ತಾರೆ, ಮಗು ನಿಜ ಹೇಳಿಬಿಡುತ್ತದೆ.

ಕಾಗದವೇ ಇರದ ಮಾನಕಗಳೂ ಇವೆ. ಮಗುವಿಗೆ ಶಾಲೆಯಲ್ಲಿ ಭಯ ಇಲ್ಲ ಅನ್ನುವುದು, ಅಂದರೆ ಮಾನಸಿಕ ಸುರಕ್ಷತೆ, ಆರನೇ ಕ್ಷೇತ್ರದಲ್ಲಿ ಬರುತ್ತದೆ. ಗೋಡೆ ಮೇಲೆ ದೂರು ಪೆಟ್ಟಿಗೆ ತೂಗುಹಾಕಿದ ಫೋಟೋ ಇದಕ್ಕೆ ಪುರಾವೆಯಾಗುವುದಿಲ್ಲ. ಪೆಟ್ಟಿಗೆಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ತೆರೆಯುತ್ತಾರೆ, ಬಂದ ಚೀಟಿಗಳ ಮೇಲೆ ಏನು ಕ್ರಮ ಆಯಿತು ಎಂಬ ಪುಟ್ಟ ದಾಖಲೆ ಆಗುತ್ತದೆ. ಒಂದೂ ಚೀಟಿ ಬಂದಿಲ್ಲ ಎಂದರೆ ಅದನ್ನು ಹೆಮ್ಮೆಯಿಂದ ಬರೆಯಬೇಡಿ. ಬಹುಶಃ ಪೆಟ್ಟಿಗೆ ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲಲ್ಲೇ ಇರಬಹುದು, ಮಕ್ಕಳು ಹಾಕಲು ಹೆದರುತ್ತಿರಬಹುದು.

ದಯವಿಟ್ಟು ಒಂದನ್ನು ಮಾತ್ರ ಮಾಡಬೇಡಿ: ಹಳೆಯ ದಿನಾಂಕ ಹಾಕಿ ಒಂದೇ ಕೂತಲ್ಲಿ ನಡಾವಳಿ ಬರೆಯುವುದು. ಒಂದೇ ಪೆನ್ನು, ಒಂದೇ ಓಟದ ಕೈಬರಹ, ಆರು ಸಭೆಯ ಸಹಿಗಳೂ ಒಂದೇ ಥರ ಇದ್ದರೆ ತಿಳಿದವರಿಗೆ ಗೊತ್ತಾಗುತ್ತದೆ. ಎಸ್‌ಡಿಎಂಸಿ ಸದಸ್ಯರನ್ನು ಕೇಳಿದರಂತೂ ‘ಆ ಸಭೆಗೆ ನಾನು ಬಂದಿರಲಿಲ್ವಲ್ಲ’ ಅಂದುಬಿಡುತ್ತಾರೆ. ಆಮೇಲೆ ನಿಮ್ಮ ನಿಜವಾದ ದಾಖಲೆಯನ್ನೂ ಯಾರೂ ನಂಬುವುದಿಲ್ಲ. ಎರಡು ಸಭೆ ಆಗಿಲ್ಲ ಅಂದರೆ ಆಗಿಲ್ಲ ಅಂತಲೇ ಬರೆದು, ಕೆಳಗಿನ ಹಂತ ಹಾಕಿ.

ಕೆಳಗಿನ ಹಂತ ಹಾಕಿದಾಗ ಪಕ್ಕದ ಆದ್ಯತೆಯ ಕಲಂ ಕೆಲಸಕ್ಕೆ ಬರುತ್ತದೆ. ಗ್ರಂಥಾಲಯದ ಬಳಕೆಗೆ 2 ಹಾಕಿದಿರಿ ಅಲ್ವಾ, ಆದ್ಯತೆ ‘ಹೆಚ್ಚು’ ಅಂತ ಗುರುತಿಸಿ. ಸುಧಾರಣಾ ಕ್ರಮದಲ್ಲಿ ‘ಗ್ರಂಥಾಲಯ ಬಳಕೆ ಹೆಚ್ಚಿಸಲಾಗುವುದು’ ಅಂತ ಬರೆಯಬೇಡಿ. ‘4, 5ನೇ ತರಗತಿಗೆ ಪ್ರತಿ ಶುಕ್ರವಾರ ಕೊನೆಯ ಅವಧಿ ಓದಿಗೆ. ಹೊಣೆ 5ನೇ ತರಗತಿ ಶಿಕ್ಷಕರದು. ಡಿಸೆಂಬರ್ ಕೊನೆಗೆ ವಿತರಣಾ ವಹಿಯಲ್ಲಿ ಈ ಎರಡು ತರಗತಿಯ ನಮೂದು ಎಣಿಸುವುದು’ ಅಂತ ಬರೆಯಿರಿ. ಮುಂದಿನ ವರ್ಷದ ಸ್ವ-ಮೌಲ್ಯಮಾಪನಕ್ಕೆ ಆ ಎಣಿಕೆಯೇ ಪುರಾವೆಯಾಗುತ್ತದೆ.