ಓದುವುದಷ್ಟೇ ಸ್ಕ್ರಿಪ್ಟಿನ ಕೆಲಸ, ಆದರೂ ದೂರುಗಳು ಸಿಕ್ಕಿಬಿದ್ದವು

ಪ್ರಶ್ನೆ: ಪ್ರತಿ ವಾರ ಆಫೀಸಿನ ವೆಬ್‌ಸೈಟಿನಿಂದ ಮಾಹಿತಿ ತೆಗೆದು ಎಕ್ಸೆಲ್‌ಗೆ ತುಂಬುವ ಕೆಲಸ ನನ್ನದು. ಅದಕ್ಕೊಂದು ಸ್ಕ್ರಿಪ್ಟ್ ಬರೆಯಬೇಕೆಂದಿದ್ದೇನೆ. ಬರೀ ಓದುವ ಸ್ಕ್ರಿಪ್ಟ್‌ನಿಂದ ಏನಾದರೂ ಎಡವಟ್ಟಾಗಬಹುದಾ?

ಆಗಬಹುದು. ನಾನು ಕಂಪ್ಯೂಟರ್ ವಿಭಾಗದಲ್ಲಿದ್ದ ಒಂದು ನೀರು ಸರಬರಾಜು ಕಚೇರಿಯಲ್ಲಿ ನಡೆದದ್ದು ಹೇಳುತ್ತೇನೆ.

ದೂರು ವಿಭಾಗದ ಗುಮಾಸ್ತೆ ಪ್ರತಿ ಸೋಮವಾರ ಹೊಸ ದೂರುಗಳನ್ನು ಒಂದೊಂದಾಗಿ ತೆರೆದು, ವಾರ್ಡು, ದೂರಿನ ವಿಧ, ದಾಖಲಾದ ದಿನ ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸುತ್ತಿದ್ದರು. ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ಮನೆಯಲ್ಲಿ ಕೂತು ಪೈಥಾನ್ ಕಲಿತು, ಬ್ರೌಸರನ್ನು ತಾನಾಗಿ ಓಡಿಸುವ ಸೆಲೆನಿಯಂ ಬಳಸಿ ಸ್ಕ್ರಿಪ್ಟ್ ಬರೆದರು. ಅದು ಬಾಕಿ ಇರುವ ಪ್ರತಿ ದೂರಿನ ಪುಟ ತೆರೆದು, ಬೇಕಾದ್ದನ್ನು ಸಿಎಸ್‌ವಿ ಫೈಲಿಗೆ ಬರೆಯುತ್ತಿತ್ತು. ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಕೆಲವು ವಾರಗಳಲ್ಲಿ ಇನ್ನೊಂದು ಬದಲಾವಣೆಯೂ ಕಂಡಿತು. 15 ದಿನ ಯಾರೂ ಮುಟ್ಟದ ದೂರು ತಾನಾಗಿ ಕಾರ್ಯಪಾಲಕ ಎಂಜಿನಿಯರರ ಪಟ್ಟಿಗೆ ಹೋಗಬೇಕು. ಆ ಪಟ್ಟಿ ಖಾಲಿಯಾಯಿತು. ಕೆಳಗಿನವರು ಚುರುಕಾಗಿದ್ದಾರೆ ಎಂದು ಎಲ್ಲರಿಗೂ ಸಂತೋಷ.

ಆಗ ಒಬ್ಬರು ಹಿರಿಯರು ಸ್ವೀಕೃತಿ ಚೀಟಿ ಹಿಡಿದು ಬಂದರು. ಕುಡಿಯುವ ನೀರಿಗೆ ಚರಂಡಿ ನೀರು ಸೇರುತ್ತಿದೆ ಎಂಬ ಅವರ ದೂರಿಗೆ ಎರಡು ತಿಂಗಳು ಕಳೆದಿತ್ತು. ಮೇಲಕ್ಕೆ ಹೋಗಿರಲೇ ಇಲ್ಲ. ಗುಮಾಸ್ತೆ ಫೈಲ್ ತೆಗೆದು ನನ್ನನ್ನು ಕರೆದರು: "ಇಲ್ಲಿ ನೋಡಿ ಸರ್, 'ಕೊನೆಯ ಕ್ರಮ' ಕಾಲಂನಲ್ಲಿ ಎಲ್ಲದಕ್ಕೂ ಕಳೆದ ಸೋಮವಾರದ್ದೇ ತಾರೀಖು."

ಕಾರಣ ಸಿಕ್ಕಿತು. ದೂರಿನ ಪುಟ ತೆರೆದರೆ ಸಾಕು, ಸರ್ವರ್ ಅದನ್ನು "ಪರಿಶೀಲಿಸಲಾಗಿದೆ" ಎಂದು ಬರೆದುಕೊಂಡು 15 ದಿನದ ಎಣಿಕೆಯನ್ನು ಮತ್ತೆ ಸೊನ್ನೆಯಿಂದ ಶುರುಮಾಡುತ್ತಿತ್ತು. ಕೈಯಲ್ಲಿ ಮಾಡುವಾಗ ಹಳೆಯ ದೂರುಗಳ ಸಾಲು ಎಕ್ಸೆಲ್‌ನಲ್ಲೇ ಇರುತ್ತಿದ್ದರಿಂದ ಅವನ್ನು ಮತ್ತೆ ತೆರೆಯುವ ಪ್ರಮೇಯವೇ ಇರಲಿಲ್ಲ. ಸ್ಕ್ರಿಪ್ಟ್ ಪ್ರತಿ ವಾರ ಎಲ್ಲವನ್ನೂ ತೆರೆಯಿತು, ಹಾಗಾಗಿ ಯಾವುದರ ಎಣಿಕೆಯೂ 15 ದಿನ ತಲುಪಲಿಲ್ಲ. ವೆಬ್‌ನ ನಿಯಮದಂತೆ, ಪುಟ ತೆರೆಯುವಾಗ ಬ್ರೌಸರ್ ಕಳಿಸುವ `GET` ಕೋರಿಕೆ ಮಾಹಿತಿ ಕೊಡುವುದಕ್ಕಷ್ಟೇ ಇರಬೇಕು, ಹೀಗೆ ದಾಖಲೆ ತಿದ್ದಬಾರದು. ತಂತ್ರಾಂಶ ಬರೆದವರು ಅದನ್ನು ಪಾಲಿಸಿರಲಿಲ್ಲ. ಪಾಲಿಸದ ಸೈಟುಗಳು ಬೇಕಾದಷ್ಟಿವೆ.

ಹಿಂದಿನ ವಾರಗಳ ಫೈಲುಗಳಲ್ಲಿ ಇಲ್ಲದ ದೂರನ್ನು ಮಾತ್ರ ತೆರೆಯುವಂತೆ ಗುಮಾಸ್ತೆಯೇ ಸ್ಕ್ರಿಪ್ಟ್ ತಿದ್ದಿದರು:

```python
if dooru_no not in haleya:
    driver.get(link)
```

ಹಳೆಯ ದೂರು ಇತ್ಯರ್ಥವಾಯಿತೇ ಎಂಬುದು ಪಟ್ಟಿಯ ಪುಟದಲ್ಲೇ ಕಾಣುತ್ತದೆ, ಒಳಗೆ ಹೋಗಬೇಕಿಲ್ಲ. ಸಿಕ್ಕಿಬಿದ್ದಿದ್ದ ದೂರುಗಳನ್ನು ದಾಖಲಾದ ದಿನದ ಪ್ರಕಾರ ಜೋಡಿಸಿ, ಪ್ರಿಂಟ್ ತೆಗೆದು ಅಂದೇ ಎಂಜಿನಿಯರರ ಕೈಗೆ ಕೊಟ್ಟರು. ಚರಂಡಿ ನೀರಿನ ದೂರು ಮೊದಲನೆಯ ಸಾಲಿನಲ್ಲಿತ್ತು.

ನೀವು ಸ್ಕ್ರಿಪ್ಟ್ ಓಡಿಸುವ ಮೊದಲು ಒಂದು ಹಳೆಯ ದಾಖಲೆ ಆರಿಸಿಕೊಳ್ಳಿ. ಪಟ್ಟಿಯಲ್ಲಿ ಅದರ ಸ್ಥಿತಿ, ತಾರೀಖು ಬರೆದಿಟ್ಟುಕೊಂಡು, ಒಮ್ಮೆ ಕೈಯಲ್ಲೇ ತೆರೆದು ಮುಚ್ಚಿ, ಪಟ್ಟಿಯನ್ನು ರಿಫ್ರೆಶ್ ಮಾಡಿ. ಏನಾದರೂ ಬದಲಾಗಿದ್ದರೆ ಆ ಪುಟಗಳನ್ನು ಸ್ಕ್ರಿಪ್ಟ್‌ಗೆ ಕೊಡಬೇಡಿ. ಪಟ್ಟಿಯಲ್ಲಿ ಕಾಣದ ಬದಲಾವಣೆಯೂ ಇರಬಹುದು. ಪುಟ ತೆರೆದಾಗ ಅರ್ಜಿದಾರರಿಗೆ ಎಸ್‌ಎಂಎಸ್ ಹೋಗುತ್ತದೆಯೇ ಎಂದು ಸೈಟ್ ನೋಡಿಕೊಳ್ಳುವವರನ್ನು ಕೇಳಿ.