ಎರಡು ಭಾಷೆ, ಏಕಾಗ್ರತೆ ಮತ್ತು ನೆನಪು: ಟೊರೊಂಟೊದಿಂದ ಹೈದರಾಬಾದಿನವರೆಗಿನ ಅಧ್ಯಯನಗಳು

«ನಮಸ್ಕಾರ ಸರ್. ನಾವು ಮೈಸೂರಿನಿಂದ ಟೊರೊಂಟೊಗೆ ಈಚೆಗೆ ಬಂದವರು, ಮಗಳಿಗೆ ನಾಲ್ಕು ವರ್ಷ. ಎರಡು ಭಾಷೆ ಆಡುವ ಮಕ್ಕಳಿಗೆ ಏಕಾಗ್ರತೆ, ನೆನಪಿನ ಶಕ್ತಿ ಹೆಚ್ಚು, ವಯಸ್ಸಾದ ಮೇಲೆ ಮರೆವಿನ ಕಾಯಿಲೆಯೂ ಬರುವುದಿಲ್ಲ ಎಂದು ಇಲ್ಲಿನ ಸ್ನೇಹಿತರು ಹೇಳುತ್ತಾರೆ. ಮನೆಯಲ್ಲಿ ಇಂಗ್ಲಿಷನ್ನೇ ಆಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ ಎನ್ನುವವರೂ ಇದ್ದಾರೆ. ಅಧ್ಯಯನಗಳಲ್ಲಿ ನಿಜವಾಗಿ ಏನಿದೆ?»

ನಮಸ್ಕಾರ. ನಿಮ್ಮ ಸ್ನೇಹಿತರು ಹೇಳುವ ಮಾತು ಜಗತ್ತಿನಲ್ಲೆಲ್ಲ ಹರಡಿದ್ದು ಬಹುಮಟ್ಟಿಗೆ ನೀವು ಬಂದಿಳಿದಿರುವ ಈ ಊರಿನಿಂದಲೇ. ಇಲ್ಲಿನ ಯಾರ್ಕ್ ವಿಶ್ವವಿದ್ಯಾಲಯದ ಎಲೆನ್ ಬಿಯಾಲಿಸ್ಟಾಕ್ ಮತ್ತು ಅವರ ಸಂಗಡಿಗರು 2004ರಲ್ಲಿ ಪ್ರಕಟಿಸಿದ ಒಂದು ಲೇಖನ ಈ ವಿಷಯದಲ್ಲಿ ಬಹಳ ಹೆಸರುವಾಸಿಯಾಯಿತು. ನಾನು ಮನೋವಿಜ್ಞಾನಿಯಲ್ಲ, ಸಂಖ್ಯಾಶಾಸ್ತ್ರ ಕಲಿಸುವವನು. ಆದ್ದರಿಂದ ಆ ಲೇಖನದ ತೀರ್ಮಾನಕ್ಕಿಂತ ಅದರ ಲೆಕ್ಕ ಹೇಗೆ ನಡೆಯಿತು ಎಂಬುದನ್ನೇ ಮೊದಲು ಹೇಳುತ್ತೇನೆ.

ಅಲ್ಲಿ ಬಳಸಿದ್ದು ಸೈಮನ್ ಪರೀಕ್ಷೆ. ಪರದೆಯ ಮೇಲೆ ನೀಲಿ ಚೌಕ ಕಂಡರೆ ಎಡಗಡೆಯ ಗುಂಡಿಯನ್ನೂ ಕೆಂಪು ಚೌಕ ಕಂಡರೆ ಬಲಗಡೆಯ ಗುಂಡಿಯನ್ನೂ ಒತ್ತಬೇಕು. ನೀಲಿ ಚೌಕ ಪರದೆಯ ಎಡಭಾಗದಲ್ಲಿಯೇ ಕಂಡರೆ ಕೆಲಸ ಸುಲಭ. ಬಲಭಾಗದಲ್ಲಿ ಕಂಡರೆ ಕೈ ಬಲಕ್ಕೆ ಹೋಗಲು ನೋಡುತ್ತದೆ, ಅದನ್ನು ತಡೆದು ಎಡಕ್ಕೆ ಒತ್ತಬೇಕಾದ್ದರಿಂದ ಉತ್ತರ ಸ್ವಲ್ಪ ತಡವಾಗುತ್ತದೆ. ಆ ತಡ ಕಡಿಮೆಯಾದಷ್ಟೂ ಗಮನದ ಮೇಲಿನ ಹಿಡಿತ ಹೆಚ್ಚು ಎಂದು ಲೆಕ್ಕ. ಎರಡು ಭಾಷೆ ಬಲ್ಲವರ ತಲೆಯಲ್ಲಿ ಎರಡೂ ಸದಾ ಎಚ್ಚರವಾಗಿರುತ್ತವೆ, ಒಂದನ್ನು ಆಡುವಾಗ ಇನ್ನೊಂದನ್ನು ತಡೆಹಿಡಿಯಬೇಕು, ಈ ನಿತ್ಯದ ಸಾಧನೆಯಿಂದ ಬೇರೆ ಕೆಲಸಗಳಲ್ಲಿಯೂ ತಡೆಹಿಡಿಯುವ ಶಕ್ತಿ ಬೆಳೆಯುತ್ತದೆ ಎಂಬುದು ಅವರ ಊಹೆಯಾಗಿತ್ತು.

ಮೊದಲ ಪ್ರಯೋಗದಲ್ಲಿದ್ದವರು ಒಟ್ಟು 40 ಜನ. ಅರ್ಧದಷ್ಟು ಮಂದಿ ಕೆನಡಾದಲ್ಲಿದ್ದ, ಇಂಗ್ಲಿಷ್ ಒಂದನ್ನೇ ಬಲ್ಲವರು. ಉಳಿದರ್ಧ ಭಾರತದಲ್ಲಿದ್ದ, ತಮಿಳು ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರು. ಎರಡು ಭಾಷೆಯವರಲ್ಲಿ ತಡ ಕಡಿಮೆಯಿತ್ತು, ಅರವತ್ತು ದಾಟಿದವರಲ್ಲಂತೂ ಈ ಅಂತರ ಬಹಳ ದೊಡ್ಡದಾಗಿತ್ತು. ಆದರೆ ಗಮನಿಸಿ, ಈ ಎರಡು ಗುಂಪುಗಳ ನಡುವೆ ಭಾಷೆಯೊಂದೇ ಬೇರೆಯಾಗಿರಲಿಲ್ಲ. ದೇಶ, ಶಾಲೆ, ಊಟ, ದುಡಿಮೆ, ಇಳಿವಯಸ್ಸಿನ ಜೀವನಕ್ರಮ ಎಲ್ಲವೂ ಬೇರೆಯಾಗಿದ್ದವು. ಇನ್ನೊಂದು ಅನುಮಾನವೂ ಇದೆ. ಸೈಮನ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಾಣುವ ತಡ ಕೆಲವು ಹತ್ತು ಮಿಲಿಸೆಕೆಂಡುಗಳಷ್ಟು, ಇಲ್ಲಿನ ವಯಸ್ಸಾದವರಲ್ಲಿ ಅದು ನೂರಾರು ಮಿಲಿಸೆಕೆಂಡುಗಳಿಗೆ ಹೋಗಿತ್ತು. ಅಷ್ಟು ದೊಡ್ಡ ಸಂಖ್ಯೆ ಬಂದಾಗ ಅಳೆಯುತ್ತಿರುವುದು ಗಮನವನ್ನೋ ಪರೀಕ್ಷೆಯ ಅಪರಿಚಿತತೆಯನ್ನೋ ಎಂದು ಕೇಳಬೇಕಾಗುತ್ತದೆ. ಅದೇ ಲೇಖನದ ಕೊನೆಯ ಪ್ರಯೋಗದಲ್ಲಿ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿದಾಗ ಎರಡು ಗುಂಪುಗಳ ಅಂತರ ಕರಗುತ್ತ ಹೋಯಿತು. ಲೇಖನದ ಸಹಲೇಖಕರಲ್ಲಿ ಒಬ್ಬರಾದ ರೇಮಂಡ್ ಕ್ಲೈನ್ ಅವರೇ 2011ರಲ್ಲಿ ಇನ್ನೊಬ್ಬರೊಡನೆ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ, ತಡೆಹಿಡಿಯುವ ಶಕ್ತಿಯಲ್ಲಿ ಇಂಥ ಮೇಲುಗೈ ಕಾಣುವುದು ಅಪರೂಪವೆಂದು ಬರೆದರು.

ಮುಂದೆ ಗುಂಪುಗಳು ದೊಡ್ಡದಾದಂತೆ ಲಾಭ ಕುಗ್ಗುತ್ತ ಹೋಯಿತು. ಅಮೆರಿಕದಲ್ಲಿ 9 ಮತ್ತು 10 ವರ್ಷದ 4,524 ಮಕ್ಕಳ ಫಲಿತಾಂಶಗಳನ್ನು 2019ರಲ್ಲಿ ಪ್ರಕಟಿಸಲಾಯಿತು. ಗಮನ, ತಡೆ, ನಿಯಮ ಬದಲಿಸುವಿಕೆ ಯಾವುದರಲ್ಲಿಯೂ ಎರಡು ಭಾಷೆಯ ಮಕ್ಕಳು ಮುಂದಿರಲಿಲ್ಲ. ವಯಸ್ಕರ ಮೇಲಿನ 152 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ಪರಿಶೀಲನೆಯಲ್ಲಿ, ವಿಷಯವನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದು ಬಳಸುವ ನೆನಪಿನಲ್ಲಿ ಸಣ್ಣದೊಂದು ಲಾಭ ಕಂಡಿತಾದರೂ, ಪ್ರಕಟಣೆಯ ಪಕ್ಷಪಾತವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದೂ ಉಳಿಯಲಿಲ್ಲ. ಈ ಪಕ್ಷಪಾತ ನನ್ನ ಊಹೆಯಲ್ಲ: ಸಮ್ಮೇಳನಗಳಲ್ಲಿ ಮಂಡನೆಯಾದ ಅಧ್ಯಯನಗಳ ಬೆನ್ನು ಹತ್ತಿದ ಸಂಶೋಧಕರಿಗೆ, ಲಾಭ ಕಂಡವುಗಳಲ್ಲಿ ಶೇಕಡಾ 68 ಮುಂದೆ ಪತ್ರಿಕೆಗಳಲ್ಲಿ ಅಚ್ಚಾದವೆಂದೂ, ಲಾಭವಿಲ್ಲವೆಂದವುಗಳಲ್ಲಿ ಅಚ್ಚಾದದ್ದು ಶೇಕಡಾ 29 ಮಾತ್ರವೆಂದೂ ತಿಳಿದುಬಂತು. ಅಚ್ಚಾದವನ್ನಷ್ಟೇ ಓದಿದವರಿಗೆ ಲಾಭ ಖಚಿತವೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಮರೆವಿನ ಕಾಯಿಲೆಯ ಪ್ರಶ್ನೆ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಟೊರೊಂಟೊದ ಒಂದು ಸ್ಮೃತಿ ಚಿಕಿತ್ಸಾಲಯದ 184 ರೋಗಿಗಳ ದಾಖಲೆಗಳನ್ನು ನೋಡಿದಾಗ, ಎರಡು ಭಾಷೆಯವರಲ್ಲಿ ಲಕ್ಷಣಗಳು ಸುಮಾರು ನಾಲ್ಕು ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಇಲ್ಲಿ ಎರಡು ಭಾಷೆಯವರು ಬಹುತೇಕ ವಲಸೆ ಬಂದವರೇ ಆದ್ದರಿಂದ, ದೇಶ ಬಿಟ್ಟು ಬರಲು ಬೇಕಾದ ಆರೋಗ್ಯ ಮತ್ತು ಛಲವೇ ಕಾರಣವಿರಬಹುದೆಂಬ ಆಕ್ಷೇಪ ಬಂತು. ಅದಕ್ಕೆ ಉತ್ತರ ದೊರೆತದ್ದು ನಮ್ಮ ಕಡೆಯಿಂದ. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ವಲಸೆಯ ಮಾತೇ ಇಲ್ಲದ, ತೆಲುಗು, ಉರ್ದು, ಹಿಂದಿ ಬೆರೆತ ಆ ಊರಿನಲ್ಲಿಯೂ ಅಂತರ ನಾಲ್ಕೂವರೆ ವರ್ಷವಿತ್ತು. ಓದುಬರಹ ಬಾರದವರಲ್ಲಿಯೂ ಅಂತರ ಕಂಡಿದ್ದರಿಂದ ಅದನ್ನು ವಿದ್ಯಾಭ್ಯಾಸದ ಫಲವೆಂದು ತಳ್ಳಿಹಾಕುವಂತಿರಲಿಲ್ಲ. ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಹೆಚ್ಚಿನ ಲಾಭವೇನೂ ಇರಲಿಲ್ಲ.

ಆದರೂ ಈ ಎರಡೂ ಅಧ್ಯಯನಗಳು ಈಗಾಗಲೇ ಕಾಯಿಲೆ ಬಂದು ಆಸ್ಪತ್ರೆಗೆ ನಡೆದವರನ್ನು ಹಿಂದಕ್ಕೆ ನೋಡಿ ಲೆಕ್ಕ ಹಾಕಿದವು. ಮರೆವು ಯಾವಾಗ ಶುರುವಾಯಿತು ಎಂಬುದು ಮನೆಯವರ ನೆನಪಿನಿಂದ ಬರುವ ಉತ್ತರ. ಯಾವ ಮನೆಯವರು ಬೇಗ ಗಮನಿಸಿದರು, ಯಾರು ಬೇಗ ವೈದ್ಯರ ಬಳಿಗೆ ಕರೆತಂದರು ಎಂಬುದೆಲ್ಲ ಅದರಲ್ಲಿ ಸೇರಿಕೊಳ್ಳುತ್ತದೆ. ಆರೋಗ್ಯವಾಗಿದ್ದವರನ್ನು ಆರಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಿದರೆ ಚಿತ್ರ ಬದಲಾಗುತ್ತದೆ. ನ್ಯೂಯಾರ್ಕಿನ ಉತ್ತರ ಮ್ಯಾನ್‌ಹಟನ್ನಿನಲ್ಲಿ ಸ್ಪ್ಯಾನಿಷ್ ಮಾತೃಭಾಷೆಯ 1,067 ವಲಸಿಗ ವೃದ್ಧರನ್ನು, ಕೆಲವರನ್ನು 23 ವರ್ಷಗಳವರೆಗೂ, ಹೀಗೆ ಹಿಂಬಾಲಿಸಿದರು. ಎಲ್ಲರೂ ವಲಸಿಗರೇ ಆದ್ದರಿಂದ ಆ ಗೊಂದಲವಿರಲಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲವರ ನೆನಪು ಆರಂಭದ ಪರೀಕ್ಷೆಯಲ್ಲಿ ಉತ್ತಮವಾಗಿತ್ತು, ಆದರೆ ಮುಂದೆ ನೆನಪು ಇಳಿಯುವ ವೇಗದಲ್ಲಾಗಲಿ ಕಾಯಿಲೆ ಬರುವ ಸಂಭವದಲ್ಲಾಗಲಿ ವ್ಯತ್ಯಾಸವಾಗಲಿಲ್ಲ. ನನ್ನ ಅಭಿಪ್ರಾಯದಲ್ಲಿ ಹೈದರಾಬಾದಿನ ಫಲಿತಾಂಶವನ್ನು ಲಕ್ಷಣಗಳು ತಡವಾಗಿ ಹೊರಬೀಳಬಹುದು ಎಂಬಷ್ಟಕ್ಕೆ ಒಪ್ಪಬಹುದು, ಕಾಯಿಲೆ ಬರುವುದೇ ಇಲ್ಲವೆಂದು ಅದರ ಲೇಖಕರೂ ಹೇಳಿಲ್ಲ.

ಹಿಂದೆ ಬೀಳುತ್ತದೆ ಎನ್ನುವವರ ಮಾತಿನಲ್ಲಿಯೂ ಒಂದು ಎಳೆ ಸತ್ಯವಿದೆ. ನಾನು ಮೇಲೆ ಹೇಳಿದ ಅಮೆರಿಕದ ಮಕ್ಕಳಲ್ಲಿ ಎರಡು ಭಾಷೆಯವರ ಇಂಗ್ಲಿಷ್ ಪದಸಂಪತ್ತು ಸ್ವಲ್ಪ ಕಡಿಮೆಯಿತ್ತು. ಕೇಳುವ ಸಮಯ ಎರಡು ಭಾಷೆಗಳಿಗೆ ಹಂಚಿಹೋಗುವುದರಿಂದ ಇದು ಸಹಜವೇ; ಅಡುಗೆಮನೆಯ ಪದಗಳು ಕನ್ನಡದಲ್ಲಿಯೂ ತರಗತಿಯ ಪದಗಳು ಇಂಗ್ಲಿಷಿನಲ್ಲಿಯೂ ಇರುತ್ತವೆ, ಒಂದೇ ಭಾಷೆಯಲ್ಲಿ ಎಣಿಸಿದರೆ ಅರ್ಧ ಮಗುವನ್ನು ಮಾತ್ರ ಎಣಿಸಿದಂತೆ. ಆದ್ದರಿಂದ ನಿಮ್ಮ ಮಗಳು ಕಿಂಡರ್‌ಗಾರ್ಟನ್ ಸೇರಿದ ಮೇಲೆ ಪದಗಳು ಕಡಿಮೆಯಿವೆ ಎಂದು ಯಾರಾದರೂ ಹೇಳಿದರೆ, ಎಣಿಸಿದ್ದು ಇಂಗ್ಲಿಷ್ ಪದಗಳನ್ನೋ ಎರಡೂ ಭಾಷೆಗಳ ಪದಗಳನ್ನೋ ಎಂದು ಮೊದಲು ಕೇಳಿ. ಕನ್ನಡದಲ್ಲಿಯೂ ಅವಳು ವಯಸ್ಸಿಗೆ ತಕ್ಕ ವಾಕ್ಯ ಕಟ್ಟುತ್ತಿಲ್ಲ, ಮನೆಯ ಮಾತೂ ಅವಳಿಗೆ ಅರ್ಥವಾಗುತ್ತಿಲ್ಲ ಎಂದಾದರೆ ಅದು ಎರಡು ಭಾಷೆಗಳ ಕಾರಣದ ತೊಡಕಲ್ಲ. ಆಗ ಮನೆಯ ಭಾಷೆ ಬದಲಿಸುತ್ತ ಕಾಲ ಕಳೆಯದೆ ಶ್ರವಣ ಪರೀಕ್ಷೆ ಮಾಡಿಸಿ, ವಾಕ್ ಚಿಕಿತ್ಸಕರನ್ನು ಕಾಣಿ, ಅವರ ಮುಂದೆ ಅವಳ ಕನ್ನಡ ಹೇಗಿದೆ ಎಂಬುದನ್ನೂ ನೀವೇ ವಿವರಿಸಿ.