ಪರೀಕ್ಷೆ ಹತ್ತಿರ ಬಂದಾಗ ಚಿಕ್ಕ ಮಕ್ಕಳನ್ನು ಓದಿಸುವುದು ಹೇಗೆ?

ಮಗಳು ಎರಡನೇ ಕ್ಲಾಸು, ಮುಂದಿನ ವಾರ ಪರೀಕ್ಷೆ. ಅಳು, ಜಗಳ ಇಲ್ಲದೆ ದಿನಾ ಎಷ್ಟು ಹೊತ್ತು, ಹೇಗೆ ಓದಿಸಲಿ?

ಸಂಜೆ 10 ನಿಮಿಷ, ಊಟಕ್ಕೆ ಮುಂಚೆ ಇನ್ನೊಂದು 10 ನಿಮಿಷ ಸಾಕು. ಆದರೆ ಓದಿಸುವ ಆ ಹತ್ತು ನಿಮಿಷದಲ್ಲೂ ಜಾಸ್ತಿ ಹೊತ್ತು ಪುಸ್ತಕ ಮುಚ್ಚಿರಲಿ. ಪಾಠವನ್ನು ಮತ್ತೆ ಮತ್ತೆ ಓದಿದರೆ ಎಲ್ಲ ಬಂದುಬಿಟ್ಟಿದೆ ಅನಿಸುತ್ತದೆ. ಪರೀಕ್ಷೆಯಲ್ಲಿ ನೋಡದೆ ನೆನಪಿಸಿಕೊಳ್ಳಬೇಕು ಅಲ್ವಾ? ಹಾಗೆ ನೆನಪಿಸಿಕೊಂಡಷ್ಟೂ ಕಲಿತದ್ದು ಗಟ್ಟಿಯಾಗುತ್ತದೆ.

ಕನ್ನಡ ಉಕ್ತಲೇಖನವನ್ನೇ ತೆಗೆದುಕೊಳ್ಳಿ. ಮಗು ಆಡಿ, ತಿಂಡಿ ತಿಂದ ಮೇಲೆ ಐದು ಪದ ಆರಿಸಿ: ಬೆಕ್ಕು, ಹಣ್ಣು, ಚಿತ್ರ, ಪುಸ್ತಕ, ಅಜ್ಜಿ. ಅವಳು ಒಮ್ಮೆ ನೋಡಿ ಪುಸ್ತಕ ಮುಚ್ಚಲಿ. ನೀವು ಹೇಳಿ, ಅವಳು ಬರೆಯಲಿ. ಆಮೇಲೆ ತಾನೇ ಪುಸ್ತಕ ತೆರೆದು ತಾಳೆ ನೋಡಲಿ. ತಪ್ಪನ್ನು ಅಮ್ಮ ತೋರಿಸುವುದಕ್ಕಿಂತ ತಾನೇ ಕಂಡುಕೊಂಡರೆ ಅಳು ಕಡಿಮೆ. ‘ಪುಸ್ತಕ’ದಲ್ಲಿ ‘ತ’ ಒತ್ತು ಬಿಟ್ಟಿದ್ದರೆ ಆ ಪದವನ್ನಷ್ಟೇ ಇನ್ನೊಮ್ಮೆ ಬರೆಸಿ. ಸುಮ್ನೆ ಹತ್ತು ಸಲ ಬರೆಸಬೇಡಿ, ಆಗ ಹಿಂದಿನ ಸಾಲು ನೋಡಿ ಕಾಪಿ ಮಾಡುತ್ತಾಳೆ ಅಷ್ಟೇ. ಅದೇ ಪದಗಳನ್ನು ಊಟಕ್ಕೆ ಮುಂಚೆ, ಮರುದಿನ, ಎರಡು ದಿನ ಬಿಟ್ಟು ಮತ್ತೆ ಕೇಳಿ.

ಯೋಚಿಸದೆ ಬಾಯಿಗೆ ಬಂದದ್ದು ಹೇಳತೊಡಗಿದರೆ ಸುಸ್ತಾಗಿದೆ ಎಂದು ತಿಳಿದು ಅಲ್ಲಿಗೇ ನಿಲ್ಲಿಸಿ. ಪರೀಕ್ಷೆಯ ಹಿಂದಿನ ರಾತ್ರಿ ಹೊಸ ಪಾಠ ಬೇಡ, ಬೇಗ ಮಲಗಿಸಿ.